ನಾರಿನಂಶ: ಕರಗುವುದು, ಕರಗದ್ದು ಮತ್ತು ಕ್ವಿಜ್‌ನಲ್ಲಿ ಎಡವುವ ಜಾಗಗಳು (ಪದೇ ಪದೇ ಕೇಳುವ ಪ್ರಶ್ನೆಗಳು)

ಸೆಪ್ಟೆಂಬರ್ ಮೊದಲ ವಾರ ರಾಷ್ಟ್ರೀಯ ಪೋಷಣಾ ಸಪ್ತಾಹ. ಮಂಗಳೂರು, ಉಡುಪಿ ಕಡೆಯ ಕಾಲೇಜುಗಳಲ್ಲಿ ಆಗ ಆಹಾರದ ಬಗ್ಗೆ ಕ್ವಿಜ್ ಇದ್ದೇ ಇರುತ್ತದೆ. ಪ್ರಶ್ನೆ ತಯಾರಿಸುವ ಕೆಲಸ ನನ್ನ ಪಾಲಿಗೆ ಬರುವುದರಿಂದ, ಸ್ಪರ್ಧೆ ಮುಗಿದ ಮೇಲಿನ ತಕರಾರುಗಳೂ ನನ್ನ ಹತ್ತಿರವೇ ಬರುತ್ತವೆ. ನಾರಿನ ವಿಷಯದಲ್ಲಿ ಬರುವಷ್ಟು ತಕರಾರು ವಿಟಮಿನ್‌ಗಳ ವಿಷಯದಲ್ಲಿ ಬರುವುದಿಲ್ಲ. ಹಾಗಾಗಿ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳನ್ನು ಉತ್ತರದ ಜೊತೆ ಇಲ್ಲಿ ಒಟ್ಟು ಮಾಡಿದ್ದೇನೆ.

ನಾರು ಅಂದರೆ ಏನು? ಕ್ವಿಜ್‌ಗೆ ಬೇಕಾದಷ್ಟು ಚಿಕ್ಕದಾಗಿ ಹೇಳಿ.

ಸಸ್ಯದಿಂದ ಬಂದ ಆಹಾರದಲ್ಲಿ ನಮ್ಮ ಸಣ್ಣ ಕರುಳಿನ ಕಿಣ್ವಗಳು ಒಡೆಯಲಾಗದ ಭಾಗವೇ ನಾರು. ಅದು ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತದೆ. ಹೆಚ್ಚಿನದು ಕಾರ್ಬೋಹೈಡ್ರೇಟ್. ಲಿಗ್ನಿನ್ ಮಾತ್ರ ಕಾರ್ಬೋಹೈಡ್ರೇಟ್ ಅಲ್ಲ, ಆದರೂ ನಾರಿನ ಲೆಕ್ಕದಲ್ಲೇ ಸೇರುತ್ತದೆ. "ಇವುಗಳಲ್ಲಿ ಕಾರ್ಬೋಹೈಡ್ರೇಟ್ ಅಲ್ಲದ ನಾರು ಯಾವುದು?" ಎಂಬ ಪ್ರಶ್ನೆ ಬಂದರೆ ಉತ್ತರ ಲಿಗ್ನಿನ್.

ಇನ್ನೊಂದು ಸುಲಭದ ಅಂಕ: ಮೀನು, ಮೊಟ್ಟೆ, ಮಾಂಸ, ಹಾಲು, ಮಜ್ಜಿಗೆ ಇವುಗಳಲ್ಲಿ ನಾರು ಸೊನ್ನೆ. ಬಂಗುಡೆ ಗಸಿಯಲ್ಲಿ ಇರುವ ನಾರು ಬಂಗುಡೆಯದ್ದಲ್ಲ, ಅರೆದ ತೆಂಗಿನಕಾಯಿ ಮತ್ತು ಮೆಣಸಿನದ್ದು.

ಕರಗುವ ನಾರು ಯಾವುವು, ಕರಗದ ನಾರು ಯಾವುವು?

ಪೆಕ್ಟಿನ್, ಬೀಟಾ ಗ್ಲೂಕನ್, ಇನುಲಿನ್, ಅಂಟುಗಳು, ಲೋಳೆಗಳು ಕರಗುವ ಗುಂಪಿಗೆ ಸೇರುತ್ತವೆ. ಸೆಲ್ಯುಲೋಸ್, ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್‌ನ ಬಹುಪಾಲು ಕರಗದ ಗುಂಪಿಗೆ. ಹೆಮಿಸೆಲ್ಯುಲೋಸ್‌ನಲ್ಲಿ ಸ್ವಲ್ಪ ಕರಗುವುದೂ ಇದೆ, ಹಾಗಾಗಿ ಅದನ್ನು ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಕೊಟ್ಟು "ಕರಗದ್ದು ಯಾವುದು" ಎಂದು ಕೇಳುವುದು ಒಳ್ಳೆಯ ಪ್ರಶ್ನೆ ಅಲ್ಲ. ಆದರೆ ಕೇಳುತ್ತಾರೆ. ಪಕ್ಕದಲ್ಲಿ ಸೆಲ್ಯುಲೋಸ್ ಇದ್ದರೆ ಅದನ್ನೇ ಆರಿಸಿ.

ನಮ್ಮ ಊರಿನ ಅಡುಗೆಯಲ್ಲಿ ಯಾವ ನಾರು ಎಲ್ಲಿದೆ?

ಮೊದಲು ಒಂದು ವಿಷಯ. ಕರಗುವ ನಾರು ಮಾತ್ರ ಇರುವ ತರಕಾರಿ, ಕರಗದ ನಾರು ಮಾತ್ರ ಇರುವ ಧಾನ್ಯ ಅಂತ ಯಾವುದೂ ಇಲ್ಲ. ಎಲ್ಲದರಲ್ಲೂ ಎರಡೂ ಇವೆ, ಪಾಲು ಬೇರೆ ಬೇರೆ. ಕ್ವಿಜ್‌ನಲ್ಲಿ "ಮೂಲ" ಎಂದು ಕೇಳಿದರೆ ಅಲ್ಲಿ ಯಾವುದು ಎದ್ದು ಕಾಣುತ್ತದೆ ಎಂಬುದಷ್ಟೇ ಅರ್ಥ.

ಕರಗುವ ನಾರನ್ನು ಕೈಯಲ್ಲೇ ಗುರುತಿಸಬಹುದಾದ ಜಾಗ ಬಸಳೆ ಮತ್ತು ಬೆಂಡೆ. ಬಸಳೆ ದಂಟು ಕತ್ತರಿಸುವಾಗ ಬರುವ ಲೋಳೆ, ಬೆಂಡೆ ಹೆಚ್ಚಿದ ಚೂರಿಗೆ ಅಂಟುವ ಲೋಳೆ, ಎರಡರಲ್ಲೂ ಇರುವುದು ನೀರು ಹೀರಿ ಉಬ್ಬಿದ ಕರಗುವ ನಾರು. ಹಾಗಂತ ಬಸಳೆ ದಂಟನ್ನು ಜಗಿದು ಉಳಿಯುವ ಸಿಪ್ಪೆಯೂ ನಾರೇ, ಅದು ಕರಗದ್ದು. ಒಂದೇ ಪದಾರ್ಥದಲ್ಲಿ ಎರಡನ್ನೂ ತೋರಿಸಬೇಕಾದರೆ ನಾನು ಬಸಳೆಯನ್ನೇ ತೆಗೆದುಕೊಳ್ಳುವುದು.

ಮೆಂತೆ ಕಾಳಿನ ತೂಕದಲ್ಲಿ ಸುಮಾರು ಅರ್ಧ ನಾರು. ಅದರಲ್ಲಿ ಗ್ಯಾಲಕ್ಟೋಮನ್ನನ್ ಎಂಬ ಕರಗುವ ಅಂಟು ಚೆನ್ನಾಗಿಯೇ ಇದೆ. ಆಟಿ ಅಮಾವಾಸ್ಯೆಯ ದಿನ ಪಾಲೆ ಕಷಾಯ ಕುಡಿದ ಮೇಲೆ ಮಾಡುವ ಮೆಂತೆ ಗಂಜಿ ಅಷ್ಟು ದಪ್ಪಗಾಗಲು ಅನ್ನದ ಪಿಷ್ಟದ ಜೊತೆ ಈ ಅಂಟೂ ಕಾರಣ. ದೋಸೆ ಹಿಟ್ಟಿಗೆ ಹಾಕುವ ಒಂದು ಚಮಚ ಮೆಂತೆ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ, ಅದು ಇಡೀ ಮನೆಯವರ ದೋಸೆಗೆ ಹಂಚಿ ಹೋಗುತ್ತದೆ. ಗೋರಿಕಾಯಿ ಬೀಜದಿಂದ ತೆಗೆಯುವ ಗುವಾರ್ ಅಂಟೂ ಇದೇ ಜಾತಿಯದ್ದು. ಪೇರಳೆ ಮತ್ತು ಕಿತ್ತಳೆ, ಕಂಚಿಕಾಯಿಯಂಥ ಹುಳಿ ಹಣ್ಣುಗಳಲ್ಲಿ ಪೆಕ್ಟಿನ್ ಇದೆ. ಬಾರ್ಲಿ ಮತ್ತು ಓಟ್ಸ್‌ನಲ್ಲಿ ಬೀಟಾ ಗ್ಲೂಕನ್.

ಕರಗದ ಪಾಲು ಎದ್ದು ಕಾಣುವವು ಬಾಳೆದಿಂಡು, ಪೂಂಬೆ, ಹರಿವೆ ದಂಟು, ಕಣಿಲೆ, ಗುಜ್ಜೆ, ತೆಂಗಿನ ತುರಿ, ಗೋಧಿ ತೌಡು, ರಾಗಿ. ಬಾಳೆದಿಂಡು ಹೆಚ್ಚುವಾಗ ಬೆರಳಿಗೆ ಸುತ್ತಿ ತೆಗೆದು ಬಿಸಾಡುವ ನೂಲಿನ ಬಗ್ಗೆ ತುಂಬ ಜನ ಕೇಳುತ್ತಾರೆ. ಅದನ್ನು ತೆಗೆದರೂ ದಿಂಡಿನಲ್ಲಿ ಸಾಕಷ್ಟು ನಾರು ಉಳಿಯುತ್ತದೆ, ಚಿಂತೆ ಬೇಡ.

ಹೆಸರು, ಹುರುಳಿ, ಕಡಲೆ, ಅಲಸಂಡೆ ಕಾಳುಗಳಲ್ಲಿ ಎರಡೂ ಇವೆ. ಸಿಪ್ಪೆಯಲ್ಲಿ ಕರಗದ್ದು, ಒಳಗಿನ ಬೇಳೆಯಲ್ಲಿ ಕರಗುವುದೂ ಸೇರಿದೆ. ಸಿಪ್ಪೆ ತೆಗೆದ ಹೆಸರುಬೇಳೆಯ ನಾರು ಇಡೀ ಹೆಸರುಕಾಳಿನ ನಾರಿನ ಸುಮಾರು ಅರ್ಧಕ್ಕೆ ಇಳಿಯುವುದು ಇದೇ ಕಾರಣಕ್ಕೆ.

"ಕರಗುವ" ಅನ್ನುವುದನ್ನು ಯಾರು, ಹೇಗೆ ತೀರ್ಮಾನಿಸುತ್ತಾರೆ?

ಪ್ರಯೋಗಾಲಯದಲ್ಲಿ. ಆಹಾರವನ್ನು ಒಣಗಿಸಿ ಪುಡಿ ಮಾಡಿ, ನಮ್ಮ ಹೊಟ್ಟೆಯಲ್ಲಿ ನಡೆಯುವುದನ್ನೇ ಪಾತ್ರೆಯಲ್ಲಿ ಮಾಡುತ್ತಾರೆ. ಕಿಣ್ವ ಹಾಕಿ ಪಿಷ್ಟವನ್ನು ಒಡೆಯುತ್ತಾರೆ, ಇನ್ನೊಂದು ಕಿಣ್ವದಿಂದ ಪ್ರೋಟೀನನ್ನು ಒಡೆಯುತ್ತಾರೆ. ಆಮೇಲೆ ಸೋಸುತ್ತಾರೆ. ಜರಡಿಯ ಮೇಲೆ ಉಳಿದದ್ದು ಕರಗದ ನಾರು. ಕೆಳಗೆ ಇಳಿದ ನೀರಿಗೆ ಅದರ ನಾಲ್ಕು ಪಟ್ಟು ಆಲ್ಕೋಹಾಲ್ ಸೇರಿಸಿದರೆ ಬಿಳಿಯಾಗಿ ಏನೋ ಒಂದು ತಳಕ್ಕೆ ಇಳಿಯುತ್ತದೆ. ಅದು ಕರಗುವ ನಾರು. ಎರಡರಲ್ಲೂ ಉಳಿದಿರುವ ಬೂದಿ ಮತ್ತು ಪ್ರೋಟೀನಿನ ತೂಕ ಕಳೆದರೆ ಕೋಷ್ಟಕದಲ್ಲಿ ಬರೆಯುವ ಅಂಕಿ ಸಿಗುತ್ತದೆ.

ಇದನ್ನು ತಿಳಿದುಕೊಂಡರೆ ಮುಂದಿನ ಅರ್ಧ ಗೊಂದಲ ಹೋಗುತ್ತದೆ. ಕರಗುವುದು, ಕರಗದಿರುವುದು ಪಾತ್ರೆಯಲ್ಲಿ ಅಳೆದ ಗುಣ. ಅದು ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ಈ ಅಳತೆ ನೇರವಾಗಿ ಹೇಳುವುದಿಲ್ಲ. ದೇಹಕ್ಕೆ ಮುಖ್ಯವಾದ ಪ್ರಶ್ನೆಗಳು ಬೇರೆ ಎರಡು. ಈ ನಾರು ನೀರಿನಲ್ಲಿ ಲೋಳೆಯಾಗಿ ಗಟ್ಟಿಯಾಗುತ್ತದೆಯೇ? ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಇದನ್ನು ತಿಂದು ಮುಗಿಸುತ್ತವೆಯೇ, ಬಿಡುತ್ತವೆಯೇ? ಕೆಳಗಿನ ಹೆಚ್ಚಿನ ಉತ್ತರಗಳು ಈ ಎರಡರ ಮೇಲೆ ನಿಂತಿವೆ.

ಕರಗುವ ನಾರು ಕೊಲೆಸ್ಟ್ರಾಲ್ ಇಳಿಸುವುದು ಹೇಗೆ?

ಉತ್ತರದ ಕೀಲಿ ಪಿತ್ತದಲ್ಲಿದೆ. ಕೊಬ್ಬು ಜೀರ್ಣಿಸಲು ಯಕೃತ್ತು ಪಿತ್ತ ಆಮ್ಲಗಳನ್ನು ಕಳಿಸುತ್ತದೆ. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಹೆಚ್ಚಿನವನ್ನು ಸಣ್ಣ ಕರುಳಿನ ಕೊನೆಯ ಭಾಗ ಮತ್ತೆ ಹೀರಿ ಯಕೃತ್ತಿಗೆ ವಾಪಸು ಕಳಿಸುತ್ತದೆ. ಗಟ್ಟಿ ಲೋಳೆ ಇದ್ದರೆ ಒಂದಷ್ಟು ಪಿತ್ತ ಆಮ್ಲ ಅದರಲ್ಲಿ ಸಿಕ್ಕಿಕೊಂಡು ಮಲದ ಜೊತೆ ಹೊರಗೆ ಹೋಗುತ್ತದೆ. ಕಡಿಮೆ ಬಿದ್ದದ್ದನ್ನು ಯಕೃತ್ತು ಹೊಸದಾಗಿ ಮಾಡಬೇಕು. ಅದಕ್ಕೆ ಕಚ್ಚಾ ಸಾಮಗ್ರಿ ಕೊಲೆಸ್ಟ್ರಾಲ್. ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲ್ ಹೊತ್ತ ಎಲ್‌ಡಿಎಲ್ ಕಣಗಳನ್ನು ಎಳೆದುಕೊಳ್ಳುತ್ತದೆ, ರಕ್ತದಲ್ಲಿ ಎಲ್‌ಡಿಎಲ್ ಇಳಿಯುತ್ತದೆ.

ಇಲ್ಲಿ ಕೆಲಸ ಮಾಡಿದ್ದು ಲೋಳೆ, ಕರಗುವಿಕೆ ಅಲ್ಲ. ಇನುಲಿನ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಆದರೆ ಲೋಳೆ ಆಗುವುದಿಲ್ಲ. ಅದರಿಂದ ಇಂಥ ಪರಿಣಾಮ ನೆಚ್ಚುವಷ್ಟು ಸಿಗುವುದಿಲ್ಲ. "ಎಲ್ಲ ಕರಗುವ ನಾರೂ ಕೊಲೆಸ್ಟ್ರಾಲ್ ಇಳಿಸುತ್ತದೆ: ಸರಿ/ತಪ್ಪು" ಎಂದು ಕೇಳಿದರೆ ತಪ್ಪು ಎನ್ನಿ.

ಪ್ರಮಾಣದ ವಿಷಯ ಇನ್ನೂ ಮುಖ್ಯ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಓಟ್ಸ್ ಪೊಟ್ಟಣದ ಮೇಲೆ ಹೃದಯದ ಬಗ್ಗೆ ಬರೆಯಲು ಒಪ್ಪಿಗೆ ಕೊಟ್ಟಾಗ ಇಟ್ಟ ಲೆಕ್ಕ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್. ಒಣ ಓಟ್ಸ್‌ನಲ್ಲಿ ಬೀಟಾ ಗ್ಲೂಕನ್ ಸುಮಾರು ನೂರಕ್ಕೆ ನಾಲ್ಕು ಪಾಲು. ಬೆಳಿಗ್ಗೆ 40 ಗ್ರಾಂ ಓಟ್ಸ್ ಬೇಯಿಸಿಕೊಂಡರೆ ಸಿಗುವುದು 1.6 ಗ್ರಾಂ. 3 ಗ್ರಾಂ ಆಗಬೇಕಾದರೆ 75 ಗ್ರಾಂ ಓಟ್ಸ್ ಬೇಕು, ಅಂದರೆ ದಿನಕ್ಕೆ ಹೆಚ್ಚುಕಡಿಮೆ ಎರಡು ಬಟ್ಟಲು. ಅಷ್ಟು ತಿಂದರೂ ಎಲ್‌ಡಿಎಲ್ ಇಳಿಯುವುದು ನೂರಕ್ಕೆ ಐದರಿಂದ ಹತ್ತರ ಒಳಗೆ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಲು ಇದು ಕಾರಣ ಆಗುವುದಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಯಾವ ನಾರು?

ಇಲ್ಲಿಯೂ ಲೋಳೆಯೇ. ಅದು ಹೊಟ್ಟೆಯಿಂದ ಆಹಾರ ಇಳಿಯುವುದನ್ನು ಮತ್ತು ಗ್ಲೂಕೋಸ್ ಕರುಳಿನ ಗೋಡೆ ತಲುಪುವುದನ್ನು ನಿಧಾನ ಮಾಡುತ್ತದೆ. ಊಟದ ನಂತರದ ಏರಿಕೆ ಸ್ವಲ್ಪ ತಗ್ಗುತ್ತದೆ. ಲೋಳೆ ಊಟದ ಜೊತೆಯೇ ಹೊಟ್ಟೆಯಲ್ಲಿ ಇರಬೇಕು. ಮಧ್ಯಾಹ್ನ ಊಟ ಮಾಡಿ ರಾತ್ರಿ ಮಲಗುವಾಗ ಇಸಬ್ಗೋಲ್ ತೆಗೆದುಕೊಂಡರೆ ಮಧ್ಯಾಹ್ನದ ಅನ್ನಕ್ಕೆ ಏನೂ ಆಗುವುದಿಲ್ಲ, ಅಲ್ವಾ?

ಮಲಬದ್ಧತೆಗೆ ಕರಗದ ನಾರು ಅಂತ ಪುಸ್ತಕದಲ್ಲಿದೆ. ಹಾಗಾದರೆ ಕರಗುವ ಇಸಬ್ಗೋಲ್ ಯಾಕೆ ಕೊಡುತ್ತಾರೆ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಇದನ್ನು ಕೇಳಿದವರಿಗೆ ವಿಷಯ ಅರ್ಥವಾಗಲು ಶುರುವಾಗಿದೆ ಎಂದೇ ಲೆಕ್ಕ.

"ಕರಗುವುದು ಹೃದಯಕ್ಕೆ, ಕರಗದ್ದು ಮಲಕ್ಕೆ" ಎಂಬುದು ನೆನಪಿಟ್ಟುಕೊಳ್ಳಲು ಮಾಡಿದ ಸೂತ್ರ. ಇಸಬ್ಗೋಲ್ ಅದಕ್ಕೆ ಒಗ್ಗುವುದಿಲ್ಲ. ಪ್ಲಾಂಟಾಗೋ ಓವಾಟಾ ಎಂಬ ಗಿಡದ ಬೀಜದ ಹೊಟ್ಟು ಇದು, ಗುಜರಾತಿನ ಕಡೆ ಬೆಳೆಯುತ್ತಾರೆ. ನೀರು ಸೋಕಿದರೆ ಗಟ್ಟಿ ಲೋಳೆ ಆಗುತ್ತದೆ. ಆದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಕ್ಕೆ ಇದನ್ನು ತಿನ್ನುವುದು ಕಷ್ಟ. ಪೆಕ್ಟಿನ್, ಬೀಟಾ ಗ್ಲೂಕನ್‌ಗಳೂ ಲೋಳೆಯಾಗುತ್ತವೆ, ಆದರೆ ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾ ಅವನ್ನು ತಿಂದು ಮುಗಿಸುತ್ತವೆ, ಹಿಡಿದಿಟ್ಟ ನೀರು ಬಿಟ್ಟುಹೋಗುತ್ತದೆ. ಇಸಬ್ಗೋಲ್ ಮಾತ್ರ ನೀರು ಹಿಡಿದುಕೊಂಡೇ ಕೊನೆಯವರೆಗೆ ಹೋಗುತ್ತದೆ. ಗಟ್ಟಿಯಾದ ಮಲ ಮೆತ್ತಗಾಗುತ್ತದೆ. ಅದೇ ಗುಣದಿಂದ ನೀರಾಗಿ ಹೋಗುವ ಮಲವನ್ನು ಸ್ವಲ್ಪ ಕಟ್ಟುತ್ತದೆ ಕೂಡ. ಒಂದೇ ಪುಡಿ ಎರಡು ವಿರುದ್ಧ ತೊಂದರೆಗೆ ಯಾಕೆ ಎಂಬ ಸಂಶಯಕ್ಕೂ ಇದೇ ಉತ್ತರ.

ಗೋಧಿ ತೌಡಿನ ದಾರಿ ಬೇರೆ. ಅದು ಲೋಳೆಯಾಗುವುದಿಲ್ಲ. ಒರಟಾದ ಚೂರುಗಳು ಕರುಳಿನ ಗೋಡೆಗೆ ಉಜ್ಜಿದಾಗ ಗೋಡೆ ನೀರು ಮತ್ತು ಸಿಂಬಳದಂಥ ದ್ರವ ಸುರಿಸುತ್ತದೆ, ಮಲ ಬೇಗ ಸಾಗುತ್ತದೆ. ಹಾಗಾಗಿ ತೌಡು ಒರಟಾಗಿರಬೇಕು. ನುಣ್ಣಗೆ ಬೀಸಿದ ತೌಡಿನಲ್ಲಿ ಈ ಪರಿಣಾಮ ತುಂಬ ಕಡಿಮೆ. ನಾರಿನ ಅಂಕಿ ಎರಡರಲ್ಲೂ ಅಷ್ಟೇ, ಕೆಲಸ ಮಾತ್ರ ಒಂದೇ ಅಲ್ಲ. ಪೊಟ್ಟಣದ ಮೇಲಿನ ಗ್ರಾಂ ನೋಡಿ ಇದು ಗೊತ್ತಾಗುವುದಿಲ್ಲ.

ಕ್ವಿಜ್‌ನಲ್ಲಿ ಏನು ಬರೆಯಬೇಕು? "ಮಲದ ಗಾತ್ರ ಹೆಚ್ಚಿಸುವ ನಾರಿನ ಗುಂಪು" ಎಂದರೆ ಕರಗದ ನಾರು. ಹೆಸರು ಹಿಡಿದು ಇಸಬ್ಗೋಲ್ ಬಗ್ಗೆ ಕೇಳಿದರೆ ಅದು ಕರಗುವ ನಾರು, ಲೋಳೆಯಾಗುತ್ತದೆ, ಕೊಲೆಸ್ಟ್ರಾಲ್ ಮತ್ತು ಮಲಬದ್ಧತೆ ಎರಡಕ್ಕೂ ಬಳಕೆ ಇದೆ. ಎರಡೂ ಉತ್ತರ ಒಂದೇ ಪತ್ರಿಕೆಯಲ್ಲಿ ಸರಿ.

ಇಸಬ್ಗೋಲ್ ತೆಗೆದುಕೊಳ್ಳುವಾಗ ಏನು ಎಚ್ಚರ?

ಒಂದು ದೊಡ್ಡ ಲೋಟ ನೀರಿನಲ್ಲಿ ಕದಡಿ ತಕ್ಷಣ ಕುಡಿಯಬೇಕು. ಒಣ ಪುಡಿಯನ್ನು ಬಾಯಿಗೆ ಹಾಕಿ ಒಂದು ಗುಟುಕು ನೀರು ಕುಡಿದರೆ ಅದು ಗಂಟಲಲ್ಲೋ ಅನ್ನನಾಳದಲ್ಲೋ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟ ಇರುವ ವಯಸ್ಸಾದವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಬೇರೆ ಮಾತ್ರೆಗಳಿದ್ದರೆ ಎರಡು ಗಂಟೆ ಅಂತರ ಇರಲಿ, ಲೋಳೆ ಔಷಧವನ್ನೂ ಹಿಡಿದಿಡಬಹುದು.

ಕಡಲೆ, ಹುರುಳಿ ತಿಂದರೆ ಗ್ಯಾಸ್ ಯಾಕೆ? ಅದು ಕೆಟ್ಟದ್ದಾ?

ಬ್ಯಾಕ್ಟೀರಿಯಾ ನಾರು ತಿಂದಾಗ ಗ್ಯಾಸ್ ಬರಲೇಬೇಕು. ಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಚಿಕ್ಕ ಸಕ್ಕರೆ ಸರಪಳಿಗಳೂ ಇವೆ, ಅವನ್ನೂ ನಾವು ಜೀರ್ಣಿಸಲಾರೆವು. ರಾತ್ರಿ ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿದರೆ ಅವು ಸ್ವಲ್ಪ ಕಡಿಮೆಯಾಗುತ್ತವೆ.

ಗ್ಯಾಸ್ ಜೊತೆಗೆ ಇನ್ನೂ ಒಂದು ಹುಟ್ಟುತ್ತದೆ: ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳು. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟ್ ಮುಖ್ಯ ಇಂಧನ. ಈ ಮೂರರಲ್ಲಿ ಕೋಶಗಳ ಇಂಧನ ಯಾವುದು ಎಂಬ ಪ್ರಶ್ನೆ ಸ್ವಲ್ಪ ಮೇಲಿನ ಸುತ್ತುಗಳಲ್ಲಿ ಬರುತ್ತದೆ.

ಹಾಗಾದರೆ ನಾರಿಗೆ ಕ್ಯಾಲೊರಿ ಇದೆಯಾ?

ಇದೆ. ಬ್ಯಾಕ್ಟೀರಿಯಾ ಮಾಡಿದ ಆ ಆಮ್ಲಗಳನ್ನು ದೇಹ ಬಳಸಿಕೊಳ್ಳುತ್ತದೆ. ಸಾಮಾನ್ಯವಾಗಿ ಗ್ರಾಂಗೆ 2 ಕಿಲೋ ಕ್ಯಾಲೊರಿ ಎಂದು ಹಿಡಿಯುತ್ತಾರೆ. ಹಳೆಯ ಪುಸ್ತಕದಲ್ಲಿ ಸೊನ್ನೆ ಎಂದಿದ್ದರೆ, ಆಯ್ಕೆಗಳಲ್ಲಿ 2 ಇದೆಯೇ ಎಂದು ಮೊದಲು ನೋಡಿ.

ರಾಗಿಯ ನಾರು 100 ಗ್ರಾಂಗೆ 3.6 ಗ್ರಾಮಾ, 11 ಗ್ರಾಮಾ? ಎರಡೂ ಅಚ್ಚಾಗಿವೆ.

ಜಗಳ ಆಗುವುದೇ ಇಲ್ಲಿ ಮಾರಾಯ್ರೆ. ಎರಡೂ ಅಂಕಿ ಸರಿ, ಅಳೆದ ವಸ್ತು ಬೇರೆ.

3.6 ಎಂಬುದು ಕಚ್ಚಾ ನಾರು. ಹಳೆಯ ವಿಧಾನದಲ್ಲಿ ಹಿಟ್ಟನ್ನು ಮೊದಲು ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ, ಆಮೇಲೆ ತೆಳು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕುದಿಸುತ್ತಿದ್ದರು. ಎರಡರ ಸಾಂದ್ರತೆಯೂ ನೂರಕ್ಕೆ 1.25. ಕೊನೆಗೆ ಉಳಿದದ್ದನ್ನು ತೂಗಿ ನಾರು ಎನ್ನುತ್ತಿದ್ದರು. ದನದ ಮೇವು ಅಳೆಯಲು ಈ ವಿಧಾನ ಬಹಳ ಕಾಲ ಬಳಕೆಯಲ್ಲಿತ್ತು. ನಮ್ಮ ಹೊಟ್ಟೆ ಯಾವುದನ್ನೂ ಕ್ಷಾರದಲ್ಲಿ ಕುದಿಸುವುದಿಲ್ಲ. ಈ ಕುದಿತದಲ್ಲಿ ಕರಗುವ ನಾರು ಪೂರ್ತಿ ಹೋಗುತ್ತದೆ, ಹೆಮಿಸೆಲ್ಯುಲೋಸ್‌ನ ಬಹುಭಾಗ ಮತ್ತು ಲಿಗ್ನಿನ್‌ನ ಒಂದು ಪಾಲೂ ಹೋಗುತ್ತದೆ. ಹೆಚ್ಚುಕಡಿಮೆ ಸೆಲ್ಯುಲೋಸ್ ಮಾತ್ರ ಉಳಿಯುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ಕಿಣ್ವದ ವಿಧಾನದಿಂದ ಅಳೆದ ಅಂಕಿಗಳಿವೆ. ಅದರಲ್ಲಿ ರಾಗಿಯ ಒಟ್ಟು ನಾರು 11.18 ಗ್ರಾಂ. ಕರಗದ್ದು 9.51, ಕರಗುವುದು 1.67.

ಈ ಎರಡು ಅಂಕಿಗಳ ಮಧ್ಯೆ ಇನ್ನೊಂದು ಬಲೆ ಇದೆ. "ರಾಗಿಯಲ್ಲಿ ಕರಗುವ ನಾರು ಹೆಚ್ಚು, ಅದಕ್ಕೇ ಸಕ್ಕರೆ ಇಳಿಸುತ್ತದೆ" ಎಂದು ಆಗಾಗ ಕೇಳುತ್ತೇವೆ. ಕೋಷ್ಟಕದ ಪ್ರಕಾರ ರಾಗಿಯ ನಾರಿನಲ್ಲಿ ಕರಗುವುದು ಸುಮಾರು ಏಳರಲ್ಲಿ ಒಂದು ಪಾಲು. 40 ಗ್ರಾಂ ಹಿಟ್ಟಿನ ರಾಗಿ ಗಂಜಿಯಲ್ಲಿ ಒಟ್ಟು ನಾರು ಸುಮಾರು 4.5 ಗ್ರಾಂ, ಅದರಲ್ಲಿ ಕರಗುವುದು 0.7 ಗ್ರಾಂ ಅಷ್ಟೇ. ಗಂಜಿ ದಪ್ಪಗಾಗಿ ಅಂಟುವುದು ನಾರಿನಿಂದ ಅಲ್ಲ, ಬೆಂದ ಪಿಷ್ಟದಿಂದ. ಆ ಪಿಷ್ಟ ನುಣ್ಣಗೆ ಬೀಸಿ ಚೆನ್ನಾಗಿ ಬೆಂದಿರುವುದರಿಂದ ಬೇಗ ಜೀರ್ಣವಾಗುತ್ತದೆ. ಸಕ್ಕರೆ ಕಾಯಿಲೆಯವರು ರಾಗಿ ಗಂಜಿ ಕುಡಿದು ಎರಡು ಗಂಟೆ ಬಿಟ್ಟು ಮೀಟರಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು ಎನ್ನುವುದು ಅದಕ್ಕೇ.

ಪ್ರಶ್ನೆ ತಯಾರಿಸುವವರಿಗೂ ಒಂದು ಮಾತು. "ನಾರು ಎಷ್ಟು" ಎಂದಷ್ಟೇ ಕೇಳಬೇಡಿ. "ಕಚ್ಚಾ ನಾರು" ಅಥವಾ "ಒಟ್ಟು ಆಹಾರ ನಾರು" ಎಂದು ಬರೆಯಿರಿ.

ಕುಚ್ಚಲಕ್ಕಿಯಲ್ಲಿ ನಾರು ಜಾಸ್ತಿ ಅಲ್ವಾ?

ಬೆಳ್ತಿಗೆ ಅಕ್ಕಿಗಿಂತ ಜಾಸ್ತಿ. ಆದರೆ ನಾವು ಅಂದುಕೊಂಡಷ್ಟು ಅಲ್ಲ. ಅದೇ 2017ರ ಕೋಷ್ಟಕದಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗೆ 2.81 ಗ್ರಾಂ, ಪಾಲಿಶ್ ಮಾಡಿದ ಕುಚ್ಚಲಕ್ಕಿಗೆ 3.74 ಗ್ರಾಂ. ನೂರು ಗ್ರಾಂ ಅಕ್ಕಿಗೆ ಒಂದು ಗ್ರಾಂ ವ್ಯತ್ಯಾಸವೂ ಇಲ್ಲ. ಕೆಂಪು ಪದರ ಪೂರ್ತಿ ಹೋಗದ ಹಾಗೆ ಮಿಲ್ ಮಾಡಿದ ಅಕ್ಕಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು ಇರುತ್ತದೆ. ಅಕ್ಕಿಯ ಕಾಳಿಗೆ ಗೆರೆಗೆರೆಯಾಗಿ ಕೆಂಪು ಉಳಿದಿದೆಯಾ ನೋಡಿ, ಅಷ್ಟರ ಮಟ್ಟಿಗೆ ತೌಡು ಉಳಿದಿದೆ. ಕುಚ್ಚಲಕ್ಕಿಯ ದೊಡ್ಡ ಲಾಭ ಬೇರೆ: ಭತ್ತವನ್ನು ಬೇಯಿಸುವಾಗ ಹೊರಪದರದ ಬಿ ವಿಟಮಿನ್‌ಗಳು ಒಳಗೆ ಇಳಿಯುತ್ತವೆ. ಅದನ್ನು ನಾರಿನ ಖಾತೆಗೆ ಬರೆಯಬಾರದು.

ತಂಗಳು ಗಂಜಿಯಲ್ಲಿ ನಾರು ಹೆಚ್ಚುತ್ತದೆ ಎನ್ನುವುದು ನಿಜವಾ?

ಸ್ವಲ್ಪ ನಿಜ. ಬೆಂದ ಅನ್ನ ತಣಿದಾಗ ಪಿಷ್ಟದ ಒಂದು ಚಿಕ್ಕ ಭಾಗ ಮತ್ತೆ ಬಿಗಿಯಾಗಿ ಜೋಡಿಸಿಕೊಂಡು ಕಿಣ್ವಕ್ಕೆ ಸಿಗದ ಹಾಗೆ ಆಗುತ್ತದೆ. ಇದನ್ನು ಜೀರ್ಣವಾಗದ ಪಿಷ್ಟ ಎನ್ನುತ್ತಾರೆ, ನಾರಿನ ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ. ಇದೊಂದು ವಿಚಿತ್ರ ಗಿರಾಕಿ: ನೀರಿನಲ್ಲಿ ಕರಗದು, ಆದರೆ ಬ್ಯಾಕ್ಟೀರಿಯಾ ಇದನ್ನು ಖುಷಿಯಿಂದ ತಿನ್ನುತ್ತವೆ. "ಕರಗದ್ದು ಹುದುಗುವುದಿಲ್ಲ" ಎಂಬ ಹೇಳಿಕೆಯನ್ನು ಸುಳ್ಳು ಮಾಡಲು ಇದೊಂದು ಉದಾಹರಣೆ ಸಾಕು. ಪ್ರಮಾಣ ಮಾತ್ರ ಕಡಿಮೆ. ಒಂದು ಬಟ್ಟಲು ತಂಗಳು ತರಕಾರಿಯ ಜಾಗ ತುಂಬುವುದಿಲ್ಲ.

ದಿನಕ್ಕೆ ಎಷ್ಟು ಬೇಕು? ನಮ್ಮ ಊಟದಲ್ಲಿ ಅಷ್ಟು ಸಿಗುತ್ತದಾ?

ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಪ್ರಕಾರ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ, ಅದೂ ಆಹಾರದಲ್ಲಿ ಸಹಜವಾಗಿ ಇರುವ ನಾರು. ಅಮೆರಿಕದ ಲೆಕ್ಕ 1000 ಕಿಲೋ ಕ್ಯಾಲೊರಿಗೆ 14 ಗ್ರಾಂ. ಕರಗುವುದು ಇಷ್ಟು, ಕರಗದ್ದು ಇಷ್ಟು ಎಂದು ಬೇರೆ ಬೇರೆ ಗುರಿ ಈ ಎರಡರಲ್ಲೂ ಇಲ್ಲ.

ಒಂದು ದಿನದ ಲೆಕ್ಕ ಹಾಕೋಣ. ಬೆಳಿಗ್ಗೆ 40 ಗ್ರಾಂ ಹಿಟ್ಟಿನ ರಾಗಿ ಗಂಜಿ, 4.5 ಗ್ರಾಂ. ಮಧ್ಯಾಹ್ನ, ರಾತ್ರಿ ಸೇರಿ 150 ಗ್ರಾಂ ಕುಚ್ಚಲಕ್ಕಿಯ ಅನ್ನ, ಸುಮಾರು 5.6 ಗ್ರಾಂ. ಇಲ್ಲಿ ಅಳೆದದ್ದು ಅಕ್ಕಿ, ಅನ್ನ ಅಲ್ಲ. ಅನ್ನವನ್ನು ತೂಗಿ ಅಕ್ಕಿಯ ಅಂಕಿ ಹಾಕಿದರೆ ಉತ್ತರ ಎರಡು ಮೂರು ಪಟ್ಟು ಉಬ್ಬುತ್ತದೆ, ಲೆಕ್ಕದ ಸುತ್ತಿನಲ್ಲಿ ತಂಡಗಳು ಸೋಲುವುದೇ ಇಲ್ಲಿ. ಮೀನು ಗಸಿಗೆ ಒಬ್ಬರ ಪಾಲಿಗೆ 20 ಗ್ರಾಂ ತೆಂಗಿನಕಾಯಿ ಹಿಡಿದರೆ 1.8 ಗ್ರಾಂ. ಮೀನಿಗೆ ಸೊನ್ನೆ. ಇಲ್ಲಿಗೆ ಸುಮಾರು 12 ಗ್ರಾಂ. ಹೊಟ್ಟೆ ತುಂಬಿದೆ, ನಾರು ಅರ್ಧವೂ ಆಗಿಲ್ಲ.

ಈಗ 30 ಗ್ರಾಂ ಹೆಸರುಕಾಳಿನ ಗಸಿ ಸೇರಿಸಿ. ಇಡೀ ಹೆಸರಿನಲ್ಲಿ ನೂರಕ್ಕೆ 17 ಗ್ರಾಂ ನಾರು, ಹಾಗಾಗಿ 5 ಗ್ರಾಂ ಸಿಕ್ಕಿತು. ಬಸಳೆಯೋ ಹರಿವೆಯೋ ಅಲಸಂಡೆಯೋ, ದಿನಕ್ಕೆ 200 ಗ್ರಾಂ ತರಕಾರಿ ಇದ್ದರೆ ಹೆಚ್ಚುಕಡಿಮೆ 5 ಗ್ರಾಂ. ಒಂದು ಬಾಳೆಹಣ್ಣಿಗೆ 2.6 ಗ್ರಾಂ. ಒಟ್ಟು 25ರ ಹತ್ತಿರ ಬಂತು. ಗುರಿ ಮುಟ್ಟಿಸಿದ್ದು ಕಾಳು ಮತ್ತು ತರಕಾರಿ. ಅಕ್ಕಿ ಬದಲಿಸಿ ಬರುವ ವ್ಯತ್ಯಾಸ ಇದರ ಮುಂದೆ ಚಿಕ್ಕದು.

ಜಾಸ್ತಿ ತಿಂದರೆ ತೊಂದರೆ ಇದೆಯಾ?

ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ, ನೋವು. ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಿ, ನೀರು ಕುಡಿಯಿರಿ. ಕರುಳು ಎಲ್ಲಾದರೂ ಕಿರಿದಾಗಿದ್ದರೆ ಒರಟು ನಾರು ಅಲ್ಲಿ ಸಿಕ್ಕಿಕೊಳ್ಳಬಹುದು, ಅಂಥವರಿಗೆ ಡಾಕ್ಟರು ಹೇಳಿದ್ದೇ ಲೆಕ್ಕ. ಮಲದಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯುವುದು, ಹೊಟ್ಟೆ ಉಬ್ಬಿ ವಾಂತಿ, ಇವು ನಾರು ತಿಂದು ಸರಿಮಾಡುವ ವಿಷಯಗಳಲ್ಲ.

ತೌಡು ಕಬ್ಬಿಣ, ಸತುವಿನ ಹೀರುವಿಕೆ ಕಡಿಮೆ ಮಾಡುತ್ತದೆ ಎಂದೂ ಕೇಳುತ್ತಾರೆ. ಅಲ್ಲಿ ಮುಖ್ಯ ಆರೋಪಿ ನಾರಲ್ಲ, ಅದರ ಜೊತೆಗಿರುವ ಫೈಟೇಟ್. ನೆನೆಸಿ ಮೊಳಕೆ ಬರಿಸಿದರೆ, ಹುಳಿ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ.

ನಾರಿನ ಇತಿಹಾಸದಿಂದ ಏನು ಕೇಳುತ್ತಾರೆ?

ಎರಡು ಹೆಸರು. ಆಹಾರ ನಾರು ಎಂಬ ಅರ್ಥದ ಇಂಗ್ಲಿಷ್ ಪದವನ್ನು 1953ರಲ್ಲಿ ಮೊದಲು ಬಳಸಿದವರು ಎಬೆನ್ ಹಿಪ್ಸ್ಲಿ. 1970ರ ದಶಕದಲ್ಲಿ ನಾರು ಕಡಿಮೆಯಾದರೆ ಕಾಯಿಲೆಗಳು ಬರುತ್ತವೆ ಎಂಬ ವಾದವನ್ನು ಜನಪ್ರಿಯ ಮಾಡಿದವರು ಉಗಾಂಡಾದಲ್ಲಿ ಕೆಲಸ ಮಾಡಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್. ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರಿಗೆ ಹೆಸರು ಬಂದದ್ದೂ ಅವರಿಂದಲೇ. ಪದ ಕೊಟ್ಟವರು ಯಾರು ಎಂದು ಕೇಳಿದಾಗ ಬಹಳ ತಂಡಗಳು ಬರ್ಕಿಟ್ ಎಂದು ಬಜರ್ ಒತ್ತುತ್ತವೆ.

ಉತ್ತರ ಪಟ್ಟಿಯೇ ತಪ್ಪು ಅನಿಸಿದರೆ ಏನು ಮಾಡಬೇಕು?

ಪ್ರಶ್ನೆಯ ಪದಗಳನ್ನು ಹಿಡಿದು ಮಾತಾಡಿ. ಉದಾಹರಣೆಗೆ ಒಂದು ಪ್ರಶ್ನೆ: "ಇವುಗಳಲ್ಲಿ ಕರಗುವ ನಾರಿನ ಉತ್ತಮ ಮೂಲ ಯಾವುದು? ರಾಗಿ, ಗೋಧಿ ತೌಡು, ಬಾರ್ಲಿ, ಬಾಳೆದಿಂಡು." ಪಟ್ಟಿಯಲ್ಲಿ ರಾಗಿ ಎಂದಿದೆ ಅಂದುಕೊಳ್ಳಿ. "ಎಲ್ಲದರಲ್ಲೂ ಎರಡೂ ಇದೆ" ಎಂದು ವಾದಿಸಿದರೆ ತೀರ್ಪುಗಾರರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕೋಷ್ಟಕದ ಅಂಕಿ ತೋರಿಸಿ: ಕರಗುವ ನಾರು ರಾಗಿಯಲ್ಲಿ 100 ಗ್ರಾಂಗೆ 1.67, ಬಾರ್ಲಿಯಲ್ಲಿ 5 ಗ್ರಾಂಗಿಂತ ಹೆಚ್ಚು. ಉತ್ತರ ಬಾರ್ಲಿ. ಹೀಗೆ ಬಂದ ತಕರಾರಿಗೆ ನಾನು ಅಂಕ ಬದಲಿಸಿ ಕೊಡುತ್ತೇನೆ. ಸುಮ್ನೆ "ಗೂಗಲ್‌ನಲ್ಲಿ ಹೀಗಿತ್ತು ಸರ್" ಎಂದವರಿಗೆ ಕೊಡುವುದಿಲ್ಲ.